ರಜೆ ತಿಂಗಳ ಬಾಡಿಗೆ ಎಲ್ಲಿಂದ ಬರಬೇಕು?

ತುಮಕೂರಿನಲ್ಲಿ ಸಣ್ಣ ಅಂಗಡಿಗಳ ಲೆಕ್ಕ ಬರೆಯುವುದು ನನ್ನ ಕಸುಬು. ಬಿ.ಎಚ್. ರಸ್ತೆ ಕಡೆಯ ಕಾಲೇಜುಗಳ ಹತ್ತಿರ ಜೆರಾಕ್ಸ್ ಅಂಗಡಿ ಇಡುತ್ತೇನೆಂದು ವರ್ಷಕ್ಕೆ ನಾಲ್ಕೈದು ಹುಡುಗರಾದರೂ ಸಲಹೆ ಕೇಳಿಕೊಂಡು ಬರುತ್ತಾರೆ. ಅವರಲ್ಲಿ ಗುಬ್ಬಿ ಕಡೆಯ ಒಬ್ಬನ ಲೆಕ್ಕವನ್ನು ಇಲ್ಲಿ ಬಿಚ್ಚಿಡುತ್ತೇನೆ.

ಅವನು ಒಂದು ಹಾಳೆಯಲ್ಲಿ ಎಲ್ಲ ಬರೆದುಕೊಂಡೇ ಬಂದಿದ್ದ. ಬಾಡಿಗೆ 9,000, ಹುಡುಗನ ಸಂಬಳ 10,000, ಮೆಷಿನ್ ಸಾಲದ ಕಂತು 6,000, ಕರೆಂಟು ಮತ್ತು ಇಂಟರ್ನೆಟ್ 3,000. ಒಟ್ಟು ತಿಂಗಳಿಗೆ 28,000 ರೂಪಾಯಿ. ಹಾಳೆಗೆ 50 ಪೈಸೆ, ಟೋನರ್, ಡ್ರಮ್, ಬ್ಲೇಡ್ ಸವಕಳಿಗೆ ಪುಟಕ್ಕೆ 20 ಪೈಸೆ. ಬಿಡಿ ಪ್ರತಿಗೆ ಎರಡು ರೂಪಾಯಿ ಸಿಗುತ್ತದೆ, ನೋಟ್ಸ್ ಕಟ್ಟು ತಂದವರಿಗೆ ಎರಡೂ ಬದಿ ಹಾಕಿ ಪುಟಕ್ಕೆ ಒಂದೇ ರೂಪಾಯಿ. ಎಲ್ಲ ಸೇರಿಸಿ ನೋಡಿದರೆ ಪುಟಕ್ಕೆ 75 ಪೈಸೆ ಉಳಿಯುತ್ತದೆ.

"ದಿನಕ್ಕೆ ಸಾವಿರದೈನೂರು ಪುಟ ಓಡಿದರೆ ಖರ್ಚು ಹುಟ್ಟುತ್ತೆ ಸಾರ್" ಅಂದ. ಇಪ್ಪತ್ತೈದು ದಿನದ ತಿಂಗಳಿಗೆ ಆ ಲೆಕ್ಕ ಸರಿಯೇ.

"ಸೆಮಿಸ್ಟರ್ ರಜೆಯಲ್ಲಿ ಯಾರಪ್ಪಾ ಬರ್ತಾರೆ?" ಎಂದೆ. ಸುಮ್ಮನಾದ.

ಕಾಲೇಜಿನ ಎದುರಿನ ಅಂಗಡಿಗೆ ವರ್ಷದಲ್ಲಿ ಗಟ್ಟಿಯಾಗಿ ಸಿಗುವುದು ಎಂಟು ತಿಂಗಳು. ರಜೆ ಮತ್ತು ಹೊಸ ಸೆಮಿಸ್ಟರ್‌ನ ಮೊದಲ ವಾರಗಳು ಸೇರಿ ನಾಲ್ಕು ತಿಂಗಳು ಮಂಕು. ಆಗ ತಿಂಗಳಿಗೆ ಐದು ಸಾವಿರ ಪುಟ ಓಡಿದರೆ ಉಳಿಯುವುದು 3,750 ರೂಪಾಯಿ, ಬಾಡಿಗೆಯ ಅರ್ಧವೂ ಅಲ್ಲ. ವರ್ಷದ ಖರ್ಚು 3,36,000. ಮಂಕು ತಿಂಗಳುಗಳ 15,000 ಕಳೆದು ಮಿಕ್ಕಿದ್ದನ್ನು ಎಂಟು ತಿಂಗಳಿಗೆ ಹಂಚಿದರೆ ದಿನಕ್ಕೆ ಸುಮಾರು 2,140 ಪುಟ ಓಡಲೇಬೇಕು. ಅವನ ಸ್ವಂತ ಊಟದ ಖರ್ಚು ಇದರಲ್ಲಿ ಬಂದೇ ಇಲ್ಲ.

ಆದರೂ ಅಂಗಡಿ ತೆರೆದ. ಪರೀಕ್ಷೆಯ ಹೊತ್ತಿಗೆ ಜನ ಮುಗಿಬಿದ್ದರು, ಗಲ್ಲಾ ಮಾತ್ರ ತುಂಬಲಿಲ್ಲ. ಬೆಳಿಗ್ಗೆ ಶಟರ್ ಎತ್ತಿದಾಗ ಮತ್ತು ರಾತ್ರಿ ಇಳಿಸುವಾಗ ಮೆಷಿನ್ನಿನ ಕೌಂಟರ್ ಬರೆದಿಡಲು ಹೇಳಿದೆ. ಕೌಂಟರ್ ಪ್ರಕಾರ ದಿನಕ್ಕೆ 2,250 ಪುಟ, ದುಡ್ಡು ಬಂದದ್ದು 2,000 ಪುಟಕ್ಕೆ. ಮಿಕ್ಕ 250 ಮೇಜಿನ ಕೆಳಗಿನ ರಟ್ಟಿನ ಪೆಟ್ಟಿಗೆಯಲ್ಲಿದ್ದವು. ಒಂದಕ್ಕೆ 70 ಪೈಸೆಯಂತೆ ದಿನಕ್ಕೆ 175 ರೂಪಾಯಿ, ತಿಂಗಳಿಗೆ 4,375.

ಪೆಟ್ಟಿಗೆಯನ್ನು ನಾವಿಬ್ಬರೂ ನೆಲಕ್ಕೆ ಸುರಿದು ನೋಡಿದೆವು. ಹೆಚ್ಚಿನವು ಪ್ರಾಜೆಕ್ಟ್ ರಿಪೋರ್ಟ್ ಹಾಳೆಗಳು. ಹುಡುಗರು ತಂದ ವರ್ಡ್ ಫೈಲು ಅಂಗಡಿಯ ಕಂಪ್ಯೂಟರಿನಲ್ಲಿ ತೆರೆದಾಗ ಫಾಂಟ್ ಬದಲಾಗಿ, ಚಿತ್ರ ಒಂದು ಪುಟ ಕೆಳಗಿಳಿದಿತ್ತು. ಕನ್ನಡ ಎಂ.ಎ. ಹುಡುಗಿಯೊಬ್ಬಳ ಕಿರುಪ್ರಬಂಧ ಹಳೆಯ ನುಡಿ ಫಾಂಟಿನದು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಬಂದಿತ್ತು. ನೋಡದೆ ಅರವತ್ತು ಪುಟ ಒತ್ತಿಬಿಟ್ಟಿದ್ದ. ಅಂದಿನಿಂದ ಟೈಪ್ ಮಾಡಿದ ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿಸಿಕೊಂಡು ಬನ್ನಿ ಅನ್ನುತ್ತಾನೆ. ಬಂದದ್ದರಲ್ಲೂ ಮೊದಲು ಒಂದು ಪುಟ ತೆಗೆದು, ಗಿರಾಕಿ ನೋಡಿ ಹೂಂ ಅಂದ ಮೇಲೆ ಉಳಿದದ್ದು.

ಇನ್ನೊಂದು ಸೋರಿಕೆ ಪೆಟ್ಟಿಗೆಯಲ್ಲಿ ಕಾಣುವಂಥದ್ದಲ್ಲ. ಟೋನರ್ ಡಬ್ಬಿಯ ಮೇಲಿನ ಪುಟಗಳ ಸಂಖ್ಯೆ ಸಾಮಾನ್ಯವಾಗಿ ಪುಟದ ನೂರರಲ್ಲಿ ಐದು ಭಾಗಕ್ಕೆ ಮಾತ್ರ ಕಪ್ಪು ಬೀಳುತ್ತದೆಂಬ ಲೆಕ್ಕದ್ದು. ಮೇಷ್ಟರು ಕಳಿಸುವ ಕಡುನೀಲಿ ಹಿನ್ನೆಲೆಯ ಸ್ಲೈಡುಗಳಲ್ಲಿ ಪುಟದ ಮುಕ್ಕಾಲು ಕಪ್ಪೇ. ಅಂಥದ್ದನ್ನು ಒಂದು ರೂಪಾಯಿಗೆ ಒತ್ತಿದರೆ ಕೈಯಿಂದ ಕಳೆದುಕೊಂಡಂತೆ. ಫೈಲು ಪವರ್‌ಪಾಯಿಂಟಿನದೇ ಆಗಿದ್ದರೆ ಪ್ರಿಂಟ್ ಕೊಡುವಾಗ Pure Black and White ಆರಿಸಿದರೆ ಹಿನ್ನೆಲೆ ಬಿಳಿಯಾಗುತ್ತದೆ, ಹುಡುಗರಿಗೂ ಓದಲು ಹಿತ. ಚಿತ್ರ, ಗ್ರಾಫ್ ಇದ್ದರೆ ಮಾತ್ರ ಒಮ್ಮೆ ಕಣ್ಣಾಡಿಸಬೇಕು, ಕೆಲವು ಬಣ್ಣಗಳು ಮಾಯವಾಗುತ್ತವೆ.

ಸ್ಟೇಷನರಿಯಲ್ಲಿ ಬ್ಲೂಬುಕ್, ಪೆನ್ನು, ಗ್ರಾಫ್ ಹಾಳೆ ಸಾಕು. ಕಾಲೇಜಿನ ಹೆಸರು ಅಚ್ಚಾದ ರೆಕಾರ್ಡ್ ಪುಸ್ತಕ ಕಟ್ಟುಗಟ್ಟಲೆ ತಂದು, ಮರುವರ್ಷ ಮಾದರಿ ಬದಲಾಗಿ ಅಟ್ಟಕ್ಕೆ ಹಾಕಿದವರನ್ನು ಕಂಡಿದ್ದೇನೆ.

ರಜೆಯ ಹೊಂಡ ಮುಚ್ಚಲು ಮಹಡಿಯಲ್ಲಿ ಸ್ಟಡಿ ರೂಮ್ ಮಾಡಲೇ ಎಂದು ಹೋದ ತಿಂಗಳು ಕೇಳಿದ. ಯೋಚನೆ ಹುರುಳಿಲ್ಲದ್ದಲ್ಲ. ಅಲ್ಲಿ ಕೂರುವವರಲ್ಲಿ ಹೆಚ್ಚಿನವರು ಎಫ್‌ಡಿಎ, ಪಿಎಸ್‌ಐ ಪರೀಕ್ಷೆಗೆ ಓದುವವರು, ಅವರಿಗೆ ಸೆಮಿಸ್ಟರ್ ರಜೆ ಇಲ್ಲ. ಇಪ್ಪತ್ತು ಕುರ್ಚಿಗೆ ತಲಾ 700ರಂತೆ 14,000 ಬರುತ್ತದೆ. ಮಹಡಿಯ ಬಾಡಿಗೆ, ಯುಪಿಎಸ್, ನೀರು, ಶೌಚಾಲಯ ತೊಳೆಸುವುದು ಸೇರಿ 10,000 ಹೋಗುತ್ತದೆ. ಹದಿನೈದು ಕುರ್ಚಿ ತುಂಬಿದರೆ 500 ರೂಪಾಯಿ ಉಳಿತಾಯ, ಹದಿನಾಲ್ಕಾದರೆ ಕೈಯಿಂದ ಹಾಕಬೇಕು. ಹದಿನೈದು ಜನರಿಂದ ಒಂದು ತಿಂಗಳ ಮುಂಗಡ ಕೈಗೆ ಬರುವ ತನಕ ಮಹಡಿಯ ಕೀಲಿ ತೆಗೆದುಕೊಳ್ಳಬೇಡ ಎಂದಿದ್ದೇನೆ. ಇಲ್ಲಿಯವರೆಗೆ ಒಂಬತ್ತು ಜನ ಕೊಟ್ಟಿದ್ದಾರೆ.