ನೀಲಿ ಚಹಾ, ನಿಂಬೆ ಹನಿ ಮತ್ತು ತಲೆಸುತ್ತು

ಕಳೆದ ಬೇಸಿಗೆಯಲ್ಲಿ ನಿವೃತ್ತ ವಿಜ್ಞಾನ ಶಿಕ್ಷಕಿಯೊಬ್ಬರು ತಲೆಸುತ್ತೆಂದು ಬಂದವರು ಮೊದಲು ಮೊಬೈಲ್ ತೆರೆದು ವಿಡಿಯೊ ತೋರಿಸಿದರು. ಗಾಜಿನ ಲೋಟದಲ್ಲಿ ಶಂಖಪುಷ್ಪದ ಕಡುನೀಲಿ ಚಹಾ. ನಿಂಬೆ ಹಿಂಡಿದೊಡನೆ ನೇರಳೆ, ಇನ್ನೂ ಹಿಂಡಿದರೆ ಗುಲಾಬಿ. “ನೋಡಿ ಡಾಕ್ಟರೇ, ಬಿಪಿ ಇಳಿಸುವ ಔಷಧ ಕೆಲಸ ಶುರುಮಾಡಿತು” ಎಂದರು. ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ.

ಆ ಬಣ್ಣ ತಿಳಿಸುವುದು ಲೋಟದಲ್ಲಿ ಎಷ್ಟು ಹುಳಿಯಿದೆ ಎಂಬುದನ್ನಷ್ಟೇ. ಹೂವಿನ ಆಂಥೋಸಯನಿನ್ ವರ್ಣದ್ರವ್ಯ ಹುಳಿ ಹೆಚ್ಚಾದಂತೆ ತನ್ನ ಅಣುರೂಪ ಬದಲಿಸುತ್ತದೆ, ರೂಪಕ್ಕೆ ತಕ್ಕ ಬಣ್ಣ ಕಾಣುತ್ತದೆ. ನಿಂಬೆಯ ಬದಲು ಚಿಟಿಕೆ ಅಡುಗೆ ಸೋಡಾ ಹಾಕಿ, ಹಸಿರಿಗೆ ತಿರುಗುತ್ತದೆ. ಬೋರ್‌ವೆಲ್ ನೀರು ಕ್ಷಾರವಾಗಿದ್ದರೆ ಏನೂ ಹಾಕದೆಯೇ ಹಸಿರಿನತ್ತ ವಾಲುವುದುಂಟು. ಮೂವತ್ತು ವರ್ಷ ದಾಸವಾಳದ ಎಸಳಿನ ರಸದಿಂದ ಮಕ್ಕಳಿಗೆ ಆಮ್ಲ, ಪ್ರತ್ಯಾಮ್ಲ ತೋರಿಸಿದವರು ತಾವೇ ಅಲ್ಲವೇ ಎಂದೆ. ನಕ್ಕುಬಿಟ್ಟರು.

ಶಂಖಪುಷ್ಪದ ಚಹಾ ಬಿಪಿ ಇಳಿಸುತ್ತದೆ ಎನ್ನಲು ಮನುಷ್ಯರ ಮೇಲಿನ ಪುರಾವೆ ತೀರಾ ಕಡಿಮೆ. ನನಗೆ ಚಿಂತೆಯಾದದ್ದು ಅವರು ದಿನಕ್ಕೆ ಮೂರು ದೊಡ್ಡ ಲೋಟ ಕುಡಿಯುತ್ತಿದ್ದ ಇನ್ನೊಂದು ಚಹಾದ, ಹೈಬಿಸ್ಕಸ್ ಟೀಯ, ಬಗ್ಗೆ. ಅಂಗಡಿಯ ಹೈಬಿಸ್ಕಸ್ ಟೀ ಸಾಮಾನ್ಯವಾಗಿ ಅಂಗಳದ ದಾಸವಾಳದ್ದಲ್ಲ. ಅದು ಕೆಂಪು ಪುಂಡಿಯದು. ಹೂವು ಉದುರಿದ ಮೇಲೆ ಕಾಯಿಯನ್ನು ಸುತ್ತಿಕೊಳ್ಳುವ ದಪ್ಪ ಕೆಂಪು ಕವಚವನ್ನು ಒಣಗಿಸಿರುತ್ತಾರೆ. ಅದರಲ್ಲೇ ಹುಳಿ ತುಂಬಿರುವುದರಿಂದ ಮೊದಲೇ ಕೆಂಪು. ನಿಂಬೆ ಹಿಂಡಿದರೂ ಹೇಳಿಕೊಳ್ಳುವಂಥ ಬದಲಾವಣೆ ಕಾಣದು. ಬಿಪಿ ತಗ್ಗಿಸುವ ಗುಣ ಕಂಡಿರುವುದು ಮಾತ್ರ ಈ ಸಪ್ಪೆ ಪ್ರದರ್ಶನದ ಚಹಾದಲ್ಲಿ. 2010ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಬಿಪಿ ಸ್ವಲ್ಪ ಹೆಚ್ಚಿದ್ದವರು ದಿನಕ್ಕೆ ಮೂರು ಕಪ್‌ನಂತೆ ಆರು ವಾರ ಕುಡಿದಾಗ ಮೇಲಿನ ಅಂಕಿ ಸರಾಸರಿ ಏಳರಷ್ಟು ಇಳಿದಿತ್ತು. ಆ ಅಧ್ಯಯನದವರು ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿರಲಿಲ್ಲ. ನಮ್ಮ ಶಿಕ್ಷಕಿ ಆಮ್ಲೊಡಿಪಿನ್, ಟೆಲ್ಮಿಸಾರ್ಟನ್ ಎಂಬ ಎರಡು ಬಿಪಿ ಮಾತ್ರೆಗಳನ್ನೂ ನುಂಗುತ್ತಿದ್ದರು.

ಕೂರಿಸಿ ನೋಡಿದಾಗ ಬಿಪಿ 116/74. ಇಷ್ಟಕ್ಕೇ ನಿಲ್ಲಿಸಿದ್ದರೆ ಎಲ್ಲವೂ ಸರಿ ಎಂದು ಕಳಿಸುತ್ತಿದ್ದೆ. ಎದ್ದು ನಿಲ್ಲಿಸಿ ಮೂರು ನಿಮಿಷದೊಳಗೆ ನೋಡಿದೆ: 92/60. ನಿಂತಾಗ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ನಾವು ಗಂಭೀರವಾಗಿ ತೆಗೆದುಕೊಳ್ಳುತ್ತೇವೆ. ವಯಸ್ಸಾದವರು ರಾತ್ರಿ ಬಚ್ಚಲಿಗೆ ಎದ್ದು ಬಿದ್ದು ಸೊಂಟ ಮುರಿದುಕೊಳ್ಳುವುದು ಹೀಗೆಯೇ. ತಪ್ಪೆಲ್ಲ ಚಹಾದ್ದೇ ಎನ್ನಲಾರೆ. ಸೆಕೆಯೂ ಇತ್ತು, ನೀರು ಕಡಿಮೆ ಕುಡಿದಿದ್ದರು. ಮಾತ್ರೆ ಬದಲಿಸದೆ ಪುಂಡಿ ಚಹಾ ಬಿಡಿಸಿ, ನೀರು ಹೆಚ್ಚಿಸಿದೆ. ವಾರದ ನಂತರ ಕೂತಾಗ 128/78, ನಿಂತಾಗ 120/76.

ಸಹಜವಾಗಿಯೇ ಬಿಪಿ ಕಡಿಮೆ ಇರುವವರು, ಗರ್ಭಿಣಿಯರು ಪುಂಡಿ ಚಹಾದಿಂದ ದೂರವಿರಲಿ. ಬಿಪಿ ಮಾತ್ರೆಯವರು ವೈದ್ಯರಿಗೆ ತಿಳಿಸದೆ ಶುರುಮಾಡಬಾರದು. ಚಹಾ ಇದೆಯೆಂದು ಮಾತ್ರೆ ಬಿಡುವುದಂತೂ ಬೇಡವೇ ಬೇಡ.

“ನೀಲಿಯದನ್ನಾದರೂ ಕುಡಿಯಬಹುದೇ?” ಎಂದು ಹೊರಡುವಾಗ ಕೇಳಿದರು. ದಿನಕ್ಕೊಂದು ಲೋಟ ಕುಡಿಯಿರಿ, ತಲೆ ಸುತ್ತಿದರೆ ನಿಲ್ಲಿಸಿ ಎಂದೆ. ಮೊಮ್ಮಕ್ಕಳು ಬಂದಾಗ ನಿಂಬೆ ಹಿಂಡುವುದಕ್ಕೆ ನನ್ನ ಆಕ್ಷೇಪವಿಲ್ಲ ಎಂದೂ ಹೇಳಿದೆ.