ಉಪ್ಪುನೀರಿನಲ್ಲಿ ಸೋಡಿಯಂ ಯಾಕೆ ಸಿಗಲ್ಲ, ಕ್ಲೋರಿನ್ ಯಾಕೆ ಸಿಗುತ್ತೆ?

ಒಂದು ಲೋಟ ನೀರಿಗೆ ಎರಡು ಚಮಚ ಉಪ್ಪು, ಒಂದು ಚಿಟಿಕೆ ಅರಿಶಿನ ಹಾಕಿ ಕದಡಿ. ಬಿಳಿ ಬಟ್ಟೆಯ ತುಂಡೊಂದನ್ನು ಅದರಲ್ಲಿ ಅದ್ದಿ ತಟ್ಟೆಯ ಮೇಲೆ ಹರಡಿ. 9 ವೋಲ್ಟ್ ಬ್ಯಾಟರಿಗೆ ಎರಡು ವೈರ್ ಕಟ್ಟಿ, ಅವುಗಳ ತುದಿಗೆ ಪೆನ್ಸಿಲ್ ಕಡ್ಡಿ ಸಿಕ್ಕಿಸಿ. ಎರಡೂ ಕಡ್ಡಿಗಳನ್ನು ಒಂದು ಬೆರಳಿನ ಅಂತರದಲ್ಲಿ ಬಟ್ಟೆಗೆ ತಾಗಿಸಿ ಹಿಡಿಯಿರಿ. ಕಿಟಕಿ ತೆರೆದಿರಲಿ, ಅರ್ಧ ನಿಮಿಷ ಸಾಕು.

ಮೈನಸ್ ಕಡ್ಡಿಯ ಸುತ್ತ ಬಟ್ಟೆ ಕೆಂಪಾಗುತ್ತದೆ. ಅರಿಶಿನಕ್ಕೆ ಸುಣ್ಣ ಸೇರಿಸಿ ಓಕುಳಿ ಕಲಸಿದಾಗ ಬರುವ ಕೆಂಪೇ ಅದು. ಅಂದರೆ ಅಲ್ಲಿ ಸುಣ್ಣದಂಥ ಕ್ಷಾರ ಹುಟ್ಟಿದೆ. ಪ್ಲಸ್ ಕಡ್ಡಿಯ ಸುತ್ತ ಅರಿಶಿನದ ಹಳದಿ ಬಣ್ಣ ಮಾಸಿ ಬಿಳಿಯಾಗುತ್ತದೆ, ಬ್ಲೀಚಿಂಗ್ ಪೌಡರ್ ವಾಸನೆ ಸಣ್ಣಗೆ ಬರುತ್ತದೆ. ಅದು ಕ್ಲೋರಿನ್.

ಪಿಯುಸಿ ಮಕ್ಕಳಿಗೆ ಈ ಪಾಠ ಮಾಡುವಾಗ ಪ್ರತಿ ವರ್ಷ ಯಾರಾದರೊಬ್ಬರು ಕೈ ಎತ್ತುತ್ತಾರೆ. "ಸರ್, ಟೇಬಲ್ ನೋಡಿದರೆ ಪ್ಲಸ್ ಕಡೆ ಆಕ್ಸಿಜನ್ ಬರಬೇಕಲ್ವಾ?" ಯಾವ ಕ್ರಿಯೆಗೆ ಎಷ್ಟು ವೋಲ್ಟ್ ಬೇಕು ಎಂದು ತೋರಿಸುವ ಪಟ್ಟಿಯೇ ಆ ಟೇಬಲ್. ಈ ಪ್ರಶ್ನೆ ಕೇಳಿದ ಮಗು ಪಾಠವನ್ನು ನಿಜಕ್ಕೂ ಓದಿದೆ. ಉಪ್ಪುನೀರಿಗೆ ಕರೆಂಟ್ ಹರಿಸಿದಾಗ ಯಾವುದು ಎಲ್ಲಿ ಹುಟ್ಟುತ್ತದೆ ಎಂದು ಮೊದಲೇ ಹೇಳುವುದನ್ನು ಕಲಿಯಲು ಜನರಿಗೆ ನೂರು ವರ್ಷಕ್ಕೂ ಜಾಸ್ತಿ ಹಿಡಿಯಿತು.

ಶುರುವಾಗಿದ್ದು 1800ರಲ್ಲಿ. ಆ ವರ್ಷ ಮಾರ್ಚ್‌ನಲ್ಲಿ ಇಟಲಿಯ ವೋಲ್ಟಾ ತನ್ನ ಬ್ಯಾಟರಿಯ ವಿವರ ಬರೆದು ಲಂಡನ್ನಿಗೆ ಪತ್ರ ಕಳಿಸಿದ. ಬೆಳ್ಳಿ, ಸತು, ಉಪ್ಪುನೀರಲ್ಲಿ ನೆನೆಸಿದ ರಟ್ಟು, ಮತ್ತೆ ಬೆಳ್ಳಿ, ಸತು, ರಟ್ಟು, ಹೀಗೆ ಒಂದರ ಮೇಲೊಂದು ಪೇರಿಸಿದ ಕಂಬ ಅದು. ಸತು ಸುಲಭವಾಗಿ ಎಲೆಕ್ಟ್ರಾನ್ ಬಿಟ್ಟುಕೊಡುವ ಲೋಹ. ಅದು ತಾನಾಗಿಯೇ ಕೊಡುವ ಎಲೆಕ್ಟ್ರಾನ್ ವೈರಿನಲ್ಲಿ ಹರಿಯುತ್ತದೆ. ವಿದ್ಯುದ್ವಿಭಜನೆ ಇದರ ಉಲ್ಟಾ. ತಾನಾಗಿ ಆಗದ ಕ್ರಿಯೆಯನ್ನು ಕರೆಂಟ್ ಕೊಟ್ಟು ಬಲವಂತವಾಗಿ ಮಾಡಿಸುವುದು.

ಪತ್ರದ ಸುದ್ದಿ ಕೇಳಿದ ಕೂಡಲೇ ಲಂಡನ್ನಿನ ನಿಕೋಲ್ಸನ್ ಮತ್ತು ಕಾರ್ಲೈಲ್ ಬೆಳ್ಳಿ ನಾಣ್ಯಗಳನ್ನೇ ಪೇರಿಸಿ ಕಂಬ ಕಟ್ಟಿದರು. ಮೇ ತಿಂಗಳಲ್ಲಿ ಹಿತ್ತಾಳೆ ತಂತಿಗಳನ್ನು ನೀರಿಗಿಳಿಸಿದರು. ಒಂದು ತಂತಿಯಿಂದ ಹೈಡ್ರೋಜನ್ ಗುಳ್ಳೆಗಳು ಎದ್ದವು. ಇನ್ನೊಂದರಿಂದ ಗುಳ್ಳೆ ಬರಲೇ ಇಲ್ಲ, ತಂತಿಯೇ ಕಪ್ಪಾಗಿ ಸವೆಯಿತು. ಹಿತ್ತಾಳೆ ತೆಗೆದು ಪ್ಲಾಟಿನಂ ತಂತಿ ಹಾಕಿದ ಮೇಲೆ ಅಲ್ಲೂ ಗುಳ್ಳೆ ಬಂತು, ಆಕ್ಸಿಜನ್ ಸಿಕ್ಕಿತು.

ಪ್ಲಸ್ ತುದಿಯಲ್ಲಿ, ಅಂದರೆ ಆನೋಡ್‌ನಲ್ಲಿ, ಎಲೆಕ್ಟ್ರಾನ್ ಕಳೆದುಕೊಳ್ಳಲು ಯಾರು ಸುಲಭವಾಗಿ ಒಪ್ಪುತ್ತಾರೋ ಅವರದೇ ಸರದಿ ಮೊದಲು. ಆ ಸಾಲಿನಲ್ಲಿ ನೀರು, ಉಪ್ಪು ಮಾತ್ರ ಅಲ್ಲ, ತಂತಿಯೂ ನಿಂತಿರುತ್ತದೆ. ನಮ್ಮ ಅರಿಶಿನದ ಬಟ್ಟೆಗೆ ಪೆನ್ಸಿಲ್ ಕಡ್ಡಿಯ ಬದಲು ತಾಮ್ರದ ತಂತಿಯನ್ನೇ ನೇರವಾಗಿ ತಾಗಿಸಿದರೆ ಪ್ಲಸ್ ಕಡೆ ಕ್ಲೋರಿನ್ ಬರುವ ಬದಲು ತಾಮ್ರವೇ ಕರಗಿ ಹಸಿರು ಕಲೆ ಮೂಡುತ್ತದೆ. ಪರೀಕ್ಷೆಯಲ್ಲಿ ಮಕ್ಕಳು ತಪ್ಪುವುದು ಹೆಚ್ಚಾಗಿ ಇಲ್ಲೇ. ದ್ರಾವಣ ಯಾವುದು ಎಂದು ನೋಡುತ್ತಾರೆ, ಕಡ್ಡಿ ಯಾವುದರದು ಎಂದು ನೋಡುವುದಿಲ್ಲ.

ಅದೇ ವರ್ಷ ಕ್ರುಕ್‌ಶ್ಯಾಂಕ್ ಎಂಬ ಬ್ರಿಟನ್ನಿನ ಇನ್ನೊಬ್ಬ ರಸಾಯನತಜ್ಞ ಉಪ್ಪಿನ ದ್ರಾವಣಗಳಿಗೆ ಕರೆಂಟ್ ಹರಿಸಿದ. ಸಸ್ಯದ ಬಣ್ಣಗಳನ್ನು ಬಳಸಿ, ಮೈನಸ್ ತುದಿಯಲ್ಲಿ ಕ್ಷಾರ ಹುಟ್ಟುವುದನ್ನು ತೋರಿಸಿದ. ಅರಿಶಿನದಿಂದ ನಾವು ನೋಡಿದ್ದೂ ಅದನ್ನೇ.

ಹಾಗಾದರೆ ಉಪ್ಪಿನಲ್ಲಿರುವ ಸೋಡಿಯಂ ಲೋಹ ಎಲ್ಲಿ ಹೋಯಿತು? ಇಂಗ್ಲೆಂಡಿನ ರಸಾಯನತಜ್ಞ ಹಂಫ್ರಿ ಡೇವಿ ಎದುರಿಗೂ ಇಂಥದ್ದೇ ಪ್ರಶ್ನೆ ಇತ್ತು. ಆತ ಮೊದಲು ಪೊಟ್ಯಾಷ್ ಎಂಬ ಕ್ಷಾರವನ್ನು ನೀರಿನಲ್ಲಿ ಕರಗಿಸಿ ಕರೆಂಟ್ ಹರಿಸಿದಾಗ ಹೈಡ್ರೋಜನ್, ಆಕ್ಸಿಜನ್ ಬಿಟ್ಟರೆ ಬೇರೇನೂ ಸಿಗಲಿಲ್ಲ. 1807ರ ಅಕ್ಟೋಬರಿನಲ್ಲಿ ನೀರನ್ನು ಕೈಬಿಟ್ಟ. ಬರೀ ಗಾಳಿಯ ತೇವ ಹೀರಿದ ಪೊಟ್ಯಾಷ್ ಗಟ್ಟಿಗೆ ಕರೆಂಟ್ ಕೊಟ್ಟಾಗ ಅದು ಕರಗತೊಡಗಿ, ಮೈನಸ್ ಕಡೆ ಪಾದರಸದಂಥ ಹೊಳೆಯುವ ಹನಿಗಳು ಕಾಣಿಸಿಕೊಂಡವು. ಕೆಲವು ಹನಿಗಳು ಅಲ್ಲೇ ಹೊತ್ತಿ ಉರಿದವು. ಅದೇ ಪೊಟ್ಯಾಸಿಯಂ. ಕೆಲವೇ ದಿನಗಳಲ್ಲಿ ಸೋಡಿಯಂ ಕೂಡ ಸಿಕ್ಕಿತು.

ಕಾರಣವನ್ನು ಇವತ್ತು ಅಂಕಿಗಳಲ್ಲಿ ಹೇಳಬಹುದು. ಮೈನಸ್ ತುದಿಯಲ್ಲಿ, ಅಂದರೆ ಕ್ಯಾಥೋಡ್‌ನಲ್ಲಿ, ಎಲೆಕ್ಟ್ರಾನ್ ಪಡೆಯುವ ಸ್ಪರ್ಧೆ. ಸೋಡಿಯಂ ಅಯಾನು ಲೋಹವಾಗಲು ಬೇಕಾದ ಮಟ್ಟ −2.71 ವೋಲ್ಟ್. ನೀರು ಒಡೆದು ಹೈಡ್ರೋಜನ್ ಆಗಲು, ಸುತ್ತ ಕ್ಷಾರ ತುಂಬಿದ್ದಾಗಲೂ, −0.83 ಸಾಕು. ಮೈನಸ್ ಜಾಸ್ತಿಯಾದಷ್ಟೂ ಕೆಲಸ ಕಷ್ಟ. ಸುಮಾರು ಎರಡು ವೋಲ್ಟ್ ಅಂತರ ಇರುವಾಗ ಗೆಲ್ಲುವುದು ನೀರೇ.

2H₂O + 2e⁻ → H₂ + 2OH⁻

ಹೈಡ್ರೋಜನ್ ಗುಳ್ಳೆಯಾಗಿ ಹೋಗುತ್ತದೆ. ಉಳಿದ OH⁻ ಅರಿಶಿನವನ್ನು ಕೆಂಪು ಮಾಡುತ್ತದೆ. ಸೋಡಿಯಂ ಅಯಾನು ಎಲ್ಲೂ ಹೋಗಿಲ್ಲ, ಆ OH⁻ ಜೊತೆಗೇ ದ್ರಾವಣದಲ್ಲಿ ಉಳಿದಿದೆ. ಅದೇ ಕಾಸ್ಟಿಕ್ ಸೋಡಾ. ಕಾರವಾರದ ಪಕ್ಕದ ಬಿಣಗಾದಲ್ಲಿರುವ ಕಾಸ್ಟಿಕ್ ಸೋಡಾ ಕಾರ್ಖಾನೆಯೂ ಇದೇ ಕ್ರಿಯೆಯ ದೊಡ್ಡ ರೂಪ.

ಈಗ ಪ್ಲಸ್ ಕಡೆ ಬರೋಣ. ಕ್ಲೋರೈಡ್ ಕ್ಲೋರಿನ್ ಆಗಲು 1.36 ವೋಲ್ಟ್ ಬೇಕು. ನೀರು ಆಕ್ಸಿಜನ್ ಆಗಲು ಟೇಬಲ್‌ನಲ್ಲಿ 1.23 ಎಂದಿದೆ, ಅದು ಗಟ್ಟಿ ಆಮ್ಲದ ಲೆಕ್ಕ. ಸಾದಾ ನೀರಿನಲ್ಲಿ 0.82 ಸಾಕು. ಅರ್ಧ ವೋಲ್ಟ್‌ಗೂ ಜಾಸ್ತಿ ಅನುಕೂಲ ನೀರಿಗೇ ಇದೆ. ಕೈ ಎತ್ತಿದ ಹುಡುಗನ ಲೆಕ್ಕ ಸರಿ. ಆದರೂ ಬಟ್ಟೆಯ ಬಣ್ಣ ಹೋಗಿದ್ದು ಕ್ಲೋರಿನ್‌ನಿಂದ.

ಟೇಬಲ್ ಹೇಳುವುದು ಯಾವ ಕ್ರಿಯೆ ಸಾಧ್ಯ ಎಂದು ಮಾತ್ರ. ಅದು ಎಷ್ಟು ಬೇಗ ನಡೆಯುತ್ತದೆ ಎಂದು ಹೇಳುವುದಿಲ್ಲ. ಎರಡು ಕ್ಲೋರೈಡ್ ಅಯಾನುಗಳು ಎರಡು ಎಲೆಕ್ಟ್ರಾನ್ ಬಿಟ್ಟು ಜೋಡಿಯಾದರೆ ಕ್ಲೋರಿನ್ ರೆಡಿ. ಒಂದು ಆಕ್ಸಿಜನ್ ಅಣುವಿಗೆ ಎರಡು ನೀರಿನ ಅಣುಗಳು ಬೇಕು, ನಾಲ್ಕು ಎಲೆಕ್ಟ್ರಾನ್ ಹೋಗಬೇಕು, ನಾಲ್ಕು ಹೈಡ್ರೋಜನ್ ಕಳಚಬೇಕು, ಆಮೇಲೆ ಎರಡು ಆಕ್ಸಿಜನ್ ಸೇರಬೇಕು. ಅಷ್ಟು ಮೆಟ್ಟಿಲು ಹತ್ತಿಸಲು ಕಡ್ಡಿಯ ಮೇಲೆ ಹೆಚ್ಚುವರಿ ವೋಲ್ಟೇಜ್ ಹೇರಬೇಕಾಗುತ್ತದೆ. ಇದಕ್ಕೆ ಓವರ್‌ಪೊಟೆನ್ಶಿಯಲ್ ಎನ್ನುತ್ತಾರೆ. ಈ ಹೆಚ್ಚುವರಿಗೂ ಕರೆಂಟಿಗೂ ಇರುವ ಸಂಬಂಧವನ್ನು ಜೂಲಿಯಸ್ ಟಾಫೆಲ್ 1905ರಲ್ಲಿ ಸೂತ್ರಕ್ಕಿಳಿಸಿದ.

ಇದರ ಜೊತೆಗೆ ಇನ್ನೊಂದು ವಿಷಯವೂ ಇದೆ. ಆಕ್ಸಿಜನ್ ಹುಟ್ಟುವಾಗ H⁺ ಬಿಡುಗಡೆಯಾಗಿ ಕಡ್ಡಿಯ ಸುತ್ತ ಹುಳಿ ಏರುತ್ತದೆ. pH 3 ತಲುಪಿದರೆ 0.82 ಇದ್ದದ್ದು 1.05 ಆಗುತ್ತದೆ. ತನ್ನ ದಾರಿಗೆ ತಾನೇ ಕಲ್ಲು ಹಾಕಿಕೊಂಡ ಹಾಗೆ. ಉಪ್ಪು ಗಾಢವಾಗಿದ್ದರೆ ಕ್ಲೋರೈಡ್‌ನ ಕೆಲಸ ಇನ್ನಷ್ಟು ಸಲೀಸು. ಅದೇ ನೀರಿಗೆ ಚಿಟಿಕೆ ಉಪ್ಪು ಮಾತ್ರ ಹಾಕಿದರೆ ಕಡ್ಡಿಯ ಬಳಿ ಕ್ಲೋರೈಡ್ ಸಾಲದೆ ಆಕ್ಸಿಜನ್‌ನ ಪಾಲು ಏರುತ್ತದೆ. ಅದಕ್ಕೇ "ಉಪ್ಪುನೀರು" ಎಂದಷ್ಟೇ ಕೊಟ್ಟ ಪ್ರಶ್ನೆ ಅರ್ಧ ಪ್ರಶ್ನೆ. ಗಾಢವೋ ತೆಳುವೋ ಹೇಳಬೇಕು.

ಓವರ್‌ಪೊಟೆನ್ಶಿಯಲ್‌ಗೆ ಸೂತ್ರ ಸಿಗುವ ಮೊದಲೇ ಅದರಿಂದ ಕೆಲಸ ತೆಗೆದುಕೊಂಡವನು ಹ್ಯಾಮಿಲ್ಟನ್ ಕ್ಯಾಸ್ಟ್ನರ್. ಇಂಗ್ಲೆಂಡಿನಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕದವನು. 1892ರಲ್ಲಿ ಆತ ಉಪ್ಪುನೀರಿನ ಸೆಲ್‌ಗೆ ಪಾದರಸವನ್ನು ಕ್ಯಾಥೋಡ್ ಮಾಡಿದ. ಆಸ್ಟ್ರಿಯಾದ ಕಾರ್ಲ್ ಕೆಲ್ನರ್ ಕೂಡ ಅದೇ ಹೊತ್ತಿಗೆ ಅದೇ ದಾರಿ ಹಿಡಿದಿದ್ದ. ಡೇವಿಗೆ ನೀರಿನಲ್ಲಿ ಸಿಗದ ಲೋಹ ಇಲ್ಲಿ ನೀರಿನಲ್ಲೇ ಸಿಕ್ಕಿತು.

ಇಲ್ಲಿ ಎರಡು ಕಾರಣಗಳು ಒಟ್ಟಿಗೆ ಕೆಲಸ ಮಾಡುತ್ತವೆ. ಪಾದರಸದ ಮೇಲೆ ಹೈಡ್ರೋಜನ್ ಹುಟ್ಟುವುದು ತುಂಬಾ ನಿಧಾನ, ಒಂದು ವೋಲ್ಟ್‌ಗೂ ಜಾಸ್ತಿ ಓವರ್‌ಪೊಟೆನ್ಶಿಯಲ್ ಬೇಕು. ಇತ್ತ ಸೋಡಿಯಂ ಪಾದರಸದಲ್ಲಿ ಕರಗಿ ಅಮಾಲ್ಗಂ ಆಗುವುದರಿಂದ −2.71ರ ಬದಲು ಸುಮಾರು −1.8ರಲ್ಲೇ ಕೆಲಸ ಆಗಿಬಿಡುತ್ತದೆ. ಒಬ್ಬನನ್ನು ಹಿಂದೆ ಎಳೆದು ಇನ್ನೊಬ್ಬನನ್ನು ಮುಂದೆ ತಳ್ಳಿದಂತೆ. ಸರದಿ ಬದಲಾಯಿತು. ಆ ಅಮಾಲ್ಗಂ ಅನ್ನು ಬೇರೆ ಪಾತ್ರೆಯಲ್ಲಿ ಗ್ರಾಫೈಟ್ ಮತ್ತು ನೀರಿನ ಜೊತೆ ಸೇರಿಸಿದರೆ ಸೋಡಿಯಂ ನೀರಿನೊಡನೆ ಕೂಡಿ, ಉಪ್ಪಿನ ಬೆರಕೆಯಿಲ್ಲದ ಕಾಸ್ಟಿಕ್ ಸೋಡಾ ಬರುತ್ತದೆ.

ಇದರ ಅಪಾಯವೂ ಅಲ್ಲೇ ಇತ್ತು. ಉಪ್ಪುನೀರಿನಲ್ಲಿ ವನೇಡಿಯಂನಂಥ ಲೋಹ ಅತಿ ಸ್ವಲ್ಪ ಸೇರಿದರೂ ಪಾದರಸದ ಮೇಲೆ ಹೈಡ್ರೋಜನ್‌ಗೆ ಸುಲಭದ ಜಾಗ ಸಿಗುತ್ತದೆ. ಅದು ಮೇಲಿನ ಕ್ಲೋರಿನ್ ಜೊತೆ ಬೆರೆತರೆ ಸ್ಫೋಟವಾಗಬಹುದು. ಅದಕ್ಕೇ ಕ್ಲೋರಿನ್‌ನಲ್ಲಿ ಹೈಡ್ರೋಜನ್ ಎಷ್ಟಿದೆ ಎಂದು ಸದಾ ಅಳೆಯುತ್ತಿರಬೇಕು. ಪಾದರಸದ ಸೋರಿಕೆ ಬೇರೆ. ಪಾದರಸದ ಬಳಕೆಗೆ ಕಡಿವಾಣ ಹಾಕುವ 2013ರ ಮಿನಮಾಟ ಒಪ್ಪಂದ ಈ ವಿಧಾನವನ್ನು ಕೈಬಿಡಲು 2025ರ ಗಡುವು ಹಾಕಿತು.

ಆನೋಡ್ ಕಡೆಯ ತೊಂದರೆ ಬೇರೆ ಥರದ್ದು. ದಶಕಗಳ ಕಾಲ ಅಲ್ಲಿ ಗ್ರಾಫೈಟ್ ಬಳಸಿದರು. ಕ್ಲೋರಿನ್ ಗೆದ್ದರೂ ಜೊತೆಗೆ ಸ್ವಲ್ಪ ಆಕ್ಸಿಜನ್ ಹುಟ್ಟಿ ಗ್ರಾಫೈಟನ್ನು ಕಾರ್ಬನ್ ಡೈಆಕ್ಸೈಡ್ ಮಾಡಿ ತಿನ್ನುತ್ತಿತ್ತು. ಕಡ್ಡಿ ಸವೆದಂತೆ ಅಂತರ ಹೆಚ್ಚಿ ವೋಲ್ಟೇಜ್ ಏರುತ್ತಿತ್ತು. 1960ರ ದಶಕದಲ್ಲಿ ಹೆನ್ರಿ ಬೀರ್ ಟೈಟಾನಿಯಂ ಹಾಳೆಯ ಮೇಲೆ ರುಥೇನಿಯಂ ಆಕ್ಸೈಡ್ ಲೇಪಿಸಿದ ಆನೋಡ್ ತಂದ. ಅದರ ಮೇಲೆ ಕ್ಲೋರಿನ್ ಬಲು ಕಡಿಮೆ ಹೆಚ್ಚುವರಿ ವೋಲ್ಟೇಜಿಗೇ ಬರುತ್ತದೆ, ಆನೋಡ್ ವರ್ಷಗಟ್ಟಲೆ ಬಾಳುತ್ತದೆ. ಎರಡೂ ಕಡೆಯ ದ್ರಾವಣಗಳನ್ನು ತೆಳು ಪೊರೆಯೊಂದು ಬೇರೆ ಮಾಡುವ ಇಂದಿನ ಮೆಂಬ್ರೇನ್ ಸೆಲ್‌ಗಳಲ್ಲೂ ಇಂಥದ್ದೇ ಆನೋಡ್ ಇರುತ್ತದೆ. ಅಲ್ಲಿಯ ಆಪರೇಟರ್ ಕ್ಲೋರಿನ್‌ನಲ್ಲಿ ಬೆರೆತ ಆಕ್ಸಿಜನ್‌ನ ಶೇಕಡಾವಾರು ಮೇಲೆ ಕಣ್ಣಿಟ್ಟಿರುತ್ತಾನೆ. ಅದು ಏರಿದರೆ ಕ್ಯಾಥೋಡ್ ಕಡೆಯ OH⁻ ಮೆಂಬ್ರೇನ್ ದಾಟಿ ಬರುತ್ತಿದೆ ಎಂಬ ಗುಮಾನಿ.

ಈಗ ಸಮುದ್ರದ ನೀರಿನಿಂದ ಹೈಡ್ರೋಜನ್ ತೆಗೆಯಲು ಹೊರಟವರಿಗೆ ಬೇಕಾಗಿರುವುದು ಇದರ ಉಲ್ಟಾ. ಅವರಿಗೆ ಕ್ಲೋರಿನ್ ಬೇಡ, ಆಕ್ಸಿಜನ್ ಬೇಕು. ಅದಕ್ಕೆ ನೀರನ್ನು ಕ್ಷಾರ ಮಾಡುತ್ತಾರೆ. ಕ್ಷಾರದಲ್ಲಿ ಕ್ಲೋರೈಡ್ ಕ್ಲೋರಿನ್ ಅನಿಲ ಆಗುವುದಿಲ್ಲ, ಬ್ಲೀಚ್‌ನ ಹೈಪೋಕ್ಲೋರೈಟ್ ಆಗುತ್ತದೆ. ಆ ಕ್ರಿಯೆಗಿಂತ ಆಕ್ಸಿಜನ್‌ಗೆ ಸುಮಾರು 0.48 ವೋಲ್ಟ್ ಅನುಕೂಲ ಇರುತ್ತದೆ. ಆಕ್ಸಿಜನ್‌ನ ಓವರ್‌ಪೊಟೆನ್ಶಿಯಲ್ ಅಷ್ಟರೊಳಗೆ ಇರುವಂಥ ಲೇಪ ಸಿಕ್ಕರೆ ಕ್ಲೋರೈಡ್‌ಗೆ ಸರದಿ ಬರುವುದಿಲ್ಲ. ನಿಕಲ್ ಮತ್ತು ಕಬ್ಬಿಣ ಬೆರೆಸಿದ ಹೈಡ್ರಾಕ್ಸೈಡ್ ಲೇಪಗಳು ಅಂಥ ಕೆಲಸಕ್ಕೇ ಪರೀಕ್ಷೆಯಾಗುತ್ತಿವೆ.