ಫಾರಂಗೆ ಸೈನ್ ಹಾಕಿದ್ಮೇಲೆ ಕೇಸ್ ಹಾಕೋಕೆ ಆಗಲ್ವಾ?

ಟ್ರೆಕ್‌ಗೆ ಹೊರಡೋ ಮುಂಚೆ ಒಂದು ಫಾರಂ ಕೊಡ್ತಾರಲ್ಲ, "ಏನೇ ಆದ್ರೂ ನಾನೇ ಜವಾಬ್ದಾರಿ, ಸಾವಾದ್ರೂ ಸಹ" ಅಂತ, ಎಷ್ಟೋ ಜನ ಓದದೇ ಸೈನ್ ಹಾಕಿ ಬ್ಯಾಗ್ ಎತ್ಕೊಂಡು ಹೊರಡ್ತಾರೆ. ಆ ಸಾಲಿಗೆ ನಿಜವಾಗ್ಲೂ ಎಷ್ಟು ಬಲ ಇದೆ ಅನ್ನೋದು ತುಂಬಾ ಹಳೇ ಜಗಳ.

1929ರಲ್ಲಿ ನ್ಯೂಯಾರ್ಕ್‌ನ ಕೋನಿ ಐಲ್ಯಾಂಡ್‌ದು ಒಂದು ಕೇಸ್ ಇತ್ತು. ಓಡ್ತಿರೋ ಬೆಲ್ಟ್ ಮೇಲೆ ನಿಂತ್ಕೊಳ್ಳೋ ಆಟ, ಹೆಸರೇ 'ಫ್ಲಾಪರ್', ಬೀಳೋದೇ ಮಜಾ. ಒಬ್ಬ ಬಿದ್ದು ಮಂಡಿಚಿಪ್ಪು ಮುರ್ಕೊಂಡ. ಜಡ್ಜ್ ಕಾರ್ಡೋಜೊ ಅವನ ಪರ ನಿಲ್ಲಲಿಲ್ಲ: ಕಣ್ಣೆದುರೇ ಜನ ಬೀಳ್ತಿದ್ರು, ನೋಡ್ಕೊಂಡೇ ಹತ್ತಿದ್ದೀಯ. ಅಲ್ಲಿ ಫಾರಂ ಇರ್ಲಿಲ್ಲ, ಆದ್ರೆ ಈಗಿನ ಫಾರಂಗಳ ಹಿಂದಿರೋ ಯೋಚನೆ ಇದೇನೇ.

ಬ್ರಿಟನ್‌ನಲ್ಲಿ 1977ರ ಕಾನೂನು ಇದಕ್ಕೆ ಒಂದು ಗೆರೆ ಎಳೀತು. ವ್ಯಾಪಾರ ಮಾಡೋನು ತನ್ನ ನಿರ್ಲಕ್ಷ್ಯದಿಂದ ಆದ ಸಾವು, ಗಾಯದ ಹೊಣೆಯಿಂದ ಯಾವ ಕರಾರು, ಯಾವ ನೋಟಿಸ್ ತೋರಿಸಿಯೂ ತಪ್ಪಿಸಿಕೊಳ್ಳೋ ಹಾಗಿಲ್ಲ. ಅಂದ್ರೆ ಬೆಟ್ಟದ ಅಪಾಯ ನಿಂದು, ಗೈಡ್ ಮಾಡೋ ತಪ್ಪು ನಿಂದಲ್ಲ.

ಇವೆರಡನ್ನ ಬೇರೆ ಮಾಡೋದು ಹೇಗೆ ಅಂದ್ರೆ ಆಲ್ಪ್ಸ್‌ನ ಮೌಂಟ್ ಬ್ಲಾಂಕ್ ಸಾಲಿನ ಟೂರ್ ರೊಂಡ್ ಅನ್ನೋ ಶಿಖರದ ಕೇಸ್ ನೋಡಿ. 1990ರಲ್ಲಿ ಒಬ್ಬ ಬ್ರಿಟಿಷ್ ಗೈಡ್ ತನ್ನ ಕ್ಲೈಂಟನ್ನ ಕರ್ಕೊಂಡು ಹಿಮದ ಗೋಡೆ ಹತ್ತುತಿದ್ದ. ಬಿಸಿಲೇರಿದ್ರೆ ಮೇಲಿಂದ ಕಲ್ಲು ಉದುರ್ತವೆ ಅನ್ನೋ ಆತುರ, ಅದಕ್ಕೆ ಕ್ಲೈಂಟನ್ನ ಹಿಮಗಡ್ಡೆಗೆ ತಿರುಗಿಸಿ ಕೂರಿಸೋ ಒಂದೇ ಒಂದು ಐಸ್ ಸ್ಕ್ರೂಗೆ ಕಟ್ಟಿ, ಮಧ್ಯದಲ್ಲಿ ಹಗ್ಗಕ್ಕೆ ಬೇರೆ ಆಸರೆ ಹಾಕದೇ ತಾನು ಮುಂದೆ ಹೋದ. ಮಂಜಿನ ಹಾಳೆ ಕಳಚ್ತು, ಗೈಡ್ ಬಿದ್ದ, ಆ ಎಳೆತಕ್ಕೆ ಸ್ಕ್ರೂನೂ ಕಿತ್ಕೊಂಡು ಬಂತು, ಕ್ಲೈಂಟ್ ಸತ್ತ. 1997ರ ತೀರ್ಪು ನಂಗೆ ಇಷ್ಟ ಆಗೋದು ಇದಕ್ಕೇ: ಹಿಮ ಕಳಚಿದ್ದಕ್ಕೆ ಗೈಡನ್ನ ದೂರಲಿಲ್ಲ, ಎರಡನೇ ಸ್ಕ್ರೂ ಹಾಕದೇ ಇದ್ದಿದ್ದಕ್ಕೆ ದೂರಿದ್ರು. ಅದನ್ನ ಹಾಕೋಕೆ ಹಿಡೀತಿದ್ದಿದ್ದು ಸ್ವಲ್ಪವೇ ಹೊತ್ತು, ಆತುರ ಅದಕ್ಕೆ ನೆಪ ಆಗಲ್ಲ. ಅಂಥ ಗೈಡ್ ಹತ್ರ ಯಾರು ಏನೇ ಸೈನ್ ಹಾಕ್ಕೊಟ್ಟಿದ್ರೂ 1977ರ ಕಾನೂನಿನ ಮುಂದೆ ಅದು ಬರೀ ಕಾಗದ.

ಅಮೆರಿಕದ ಕಥೆ ಬೇರೆ. ಅಲ್ಲಿ ಬಹಳ ರಾಜ್ಯಗಳಲ್ಲಿ ಸ್ಪಷ್ಟವಾಗಿ ಬರ್ದಿರೋ ಫಾರಂ ಸಾಮಾನ್ಯ ನಿರ್ಲಕ್ಷ್ಯಕ್ಕೂ ನಿಲ್ಲುತ್ತೆ. ಹಾಗಂತ ಪೂರ್ತಿ ಬಿಟ್ಟುಬಿಡಲ್ಲ, 2007ರಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್, ಬೇಸಿಗೆ ಕ್ಯಾಂಪ್‌ನ ಈಜುಕೊಳದಲ್ಲಿ ಸತ್ತ ಹುಡುಗಿಯೊಬ್ಬಳ ಕೇಸಲ್ಲಿ, ಅಮ್ಮ ಸೈನ್ ಮಾಡಿದ್ರೂ ಘೋರ ನಿರ್ಲಕ್ಷ್ಯಕ್ಕೆ ಫಾರಂ ರಕ್ಷಣೆ ಕೊಡಲ್ಲ ಅಂತು. ಸಾಮಾನ್ಯ ತಪ್ಪು ಎಲ್ಲಿ ಮುಗಿದು ಘೋರ ಎಲ್ಲಿ ಶುರು ಅಂತ ಈಗ ವಕೀಲರು ಕಿತ್ತಾಡೋದು ಅಲ್ಲೇನೇ.

ಅದಕ್ಕೆ ಅಪಘಾತ ಆದ್ಮೇಲೆ ಮೊದಲು ಹುಡುಕ್ಬೇಕಾದ್ದು ಫಾರಂ ಅಲ್ಲ. ಆ ದಿನದ ಹವಾಮಾನ ವರದಿ ಗೈಡ್ ನೋಡಿದ್ನಾ, ಎಷ್ಟು ಜನಕ್ಕೆ ಒಬ್ಬ ಗೈಡ್ ಇದ್ದ, ಹಗ್ಗ ಎಲ್ಲೆಲ್ಲಿ ಕಟ್ಟಿದ್ರು, ಇವೇ.